ಒಂದು ಷೇರು ಹತ್ತಾದ ಮೇಲೆ: ಕೆಲವು ಟಿಪ್ಪಣಿಗಳು

1

2025ರ ಜೂನ್ 16, ಸೋಮವಾರ. ಶುಕ್ರವಾರ ಒಂಬತ್ತು ಸಾವಿರ ರೂಪಾಯಿಗೂ ಮೇಲಿದ್ದ ಬಜಾಜ್ ಫೈನಾನ್ಸ್ ಷೇರು ಅಂದು ಸಾವಿರದ ಒಳಗೆ ವಹಿವಾಟು ಶುರು ಮಾಡಿತು. ಹೊಸ ಷೇರುಗಳು ಖಾತೆಗೆ ಬರುವ ತನಕ ಮೊಬೈಲು ಹಳೆಯ ಸಂಖ್ಯೆಯನ್ನು ಹೊಸ ಬೆಲೆಯಿಂದ ಗುಣಿಸುತ್ತದೆ. ತೆರೆಯ ಮೇಲೆ ಶೇ 90ರಷ್ಟು ಹಣ ಹೋಗಿರುತ್ತದೆ. ಯಾರೂ ಏನನ್ನೂ ಕಳೆದುಕೊಂಡಿರುವುದಿಲ್ಲ.

2

ಆ ದಿನ ಎರಡು ಕೆಲಸ ಒಟ್ಟಿಗೆ ನಡೆದಿದ್ದವು. 2 ರೂಪಾಯಿ ಮುಖಬೆಲೆಯ ಒಂದು ಷೇರು 1 ರೂಪಾಯಿಯ ಎರಡಾಯಿತು. ಹಾಗೆ ಆದ ಪ್ರತಿ ಷೇರಿಗೆ ನಾಲ್ಕು ಬೋನಸ್ ಬಂದವು. 10 ಇದ್ದವರಿಗೆ 20 ಆಯಿತು, 20ರ ಜೊತೆಗೆ 80 ಸೇರಿ 100 ಆಯಿತು.

3

ಸ್ಪ್ಲಿಟ್ ಅನ್ನು 1:2 ಎಂದು ಬರೆಯುತ್ತಾರೆ. ಒಂದು ಇದ್ದದ್ದು ಎರಡಾಗುತ್ತದೆ ಎಂದರ್ಥ. ಬೋನಸ್ ಅನ್ನು 4:1 ಎಂದು ಬರೆಯುತ್ತಾರೆ. ಒಂದಕ್ಕೆ ನಾಲ್ಕು ಹೊಸದು ಎಂದರ್ಥ, ಹಳೆಯ ಒಂದು ಹಾಗೇ ಉಳಿಯುತ್ತದೆ. ಹೀಗಾಗಿ 1:2 ಸ್ಪ್ಲಿಟ್‌ನಲ್ಲಿ ಹತ್ತು ಷೇರು ಇಪ್ಪತ್ತಾಗುತ್ತವೆ, 1:2 ಬೋನಸ್‌ನಲ್ಲಿ ಹದಿನೈದು.

4

ಕೊಂಡರೆ ಕಾಂಟ್ರ್ಯಾಕ್ಟ್ ನೋಟ್ ಬರುತ್ತದೆ, ಮಾರಿದರೂ ಬರುತ್ತದೆ. ಬೋನಸ್‌ಗೆ ಬರುವುದಿಲ್ಲ, ಸ್ಪ್ಲಿಟ್‌ಗೂ ಬರುವುದಿಲ್ಲ. ಅಲ್ಲಿ ಕೊಟ್ಟವರು ಕೊಂಡವರು ಇಲ್ಲ, ದಲಾಲಿಯೂ ಇಲ್ಲ.

ಹಾಗಾಗಿ ಖಾತೆಯಲ್ಲಿ 100 ಷೇರು, ಕಾಗದದಲ್ಲಿ 10. ಎರಡೂ ಸರಿಯೇ.

5

ಲೆಕ್ಕಕ್ಕೆ ಒಂದು ನೋಟ್ ಕಲ್ಪಿಸಿಕೊಂಡಿದ್ದೇನೆ. 2024ರ ಜನವರಿ ಕೊನೆಯಲ್ಲಿ ಕೊಂಡ 10 ಷೇರು. ಆರ್ಡರ್ ಒಂದೇ, ಆದರೆ ನೋಟ್‌ನಲ್ಲಿ ಎರಡು ಸಾಲು, ಎರಡು ಟ್ರೇಡ್ ನಂಬರ್: 6,993ರಂತೆ 3, 7,003ರಂತೆ 7. ಕೂಡಿದರೆ 70,000. ಕೆಳಗೆ ದಲಾಲಿ, ವಿನಿಮಯ ಕೇಂದ್ರದ ಶುಲ್ಕ, ಜಿಎಸ್‌ಟಿ, ಸ್ಟಾಂಪ್ ಡ್ಯೂಟಿ ಎಲ್ಲ ಸೇರಿ 40 ರೂಪಾಯಿ ಎಂದಿಟ್ಟುಕೊಳ್ಳೋಣ. ಬೇರೆ ಸಾಲಿನಲ್ಲಿ ಎಸ್‌ಟಿಟಿ, ಅಂದರೆ ಷೇರು ವಹಿವಾಟು ತೆರಿಗೆ, 70 ರೂಪಾಯಿ. ಬ್ಯಾಂಕಿನಿಂದ ಹೋದದ್ದು 70,110.

6

ಆ 70 ರೂಪಾಯಿ ಜೇಬಿನಿಂದ ಹೋಗಿದೆ. ಆದರೂ ಆದಾಯ ತೆರಿಗೆಯ ಲೆಕ್ಕದಲ್ಲಿ ಅದು ಷೇರಿನ ವೆಚ್ಚವಲ್ಲ; ಬಂಡವಾಳ ಲಾಭ ಎಣಿಸುವಾಗ ಎಸ್‌ಟಿಟಿ ಕಳೆಯುವಂತಿಲ್ಲ. ಉಳಿದ 40 ಸೇರುತ್ತದೆ. ತೆರಿಗೆಗೆ ವೆಚ್ಚ 70,040.

ಒಂದೇ ನೋಟ್‌ನಲ್ಲಿ ನಾಲ್ಕು ಕಂಪನಿಯ ಷೇರು ಇದ್ದರೆ ಕೆಳಗಿನ ಶುಲ್ಕ ನಾಲ್ಕಕ್ಕೂ ಸೇರಿಸಿ ಬರೆದಿರುತ್ತದೆ. ಖರೀದಿ ಮೊತ್ತಕ್ಕೆ ತಕ್ಕಂತೆ ಹಂಚಿಕೊಳ್ಳಬೇಕು. ಕೊಂಡ ದಿನವೇ ಹಂಚಿ ಬರೆದಿಟ್ಟವರಿಗೆ ಇದು ಎರಡು ನಿಮಿಷದ ಕೆಲಸ.

7

ಈಗ ಒಂದು ಷೇರಿಗೆ ಎಷ್ಟು ಬಿತ್ತು?

ಒಂದು ಉತ್ತರ: 70,110 ಭಾಗ 100, ಅಂದರೆ 701 ರೂಪಾಯಿ 10 ಪೈಸೆ. ಹಾಕಿದ ಹಣ ಎಷ್ಟಾಗಿದೆ ಎಂದು ತಿಳಿಯಲು ಇದೇ ಸರಿಯಾದ ಸಂಖ್ಯೆ.

ಇನ್ನೊಂದು ಉತ್ತರ: 20 ಷೇರಿಗೆ ತಲಾ 3,502 ರೂಪಾಯಿ, 80 ಷೇರಿಗೆ ಸೊನ್ನೆ. ತೆರಿಗೆ ಕೇಳುವುದು ಇದನ್ನು. ಸ್ಪ್ಲಿಟ್ ಆದರೆ ಹಳೆಯ ವೆಚ್ಚ ಹೊಸ ತುಂಡುಗಳಿಗೆ ಹಂಚಿಹೋಗುತ್ತದೆ. ಬೋನಸ್ ಷೇರಿಗೆ ಮಾತ್ರ ವೆಚ್ಚವೇ ಇಲ್ಲ.

ಷೇರು ಅವೇ ನೂರು. ನೋಡಿದರೆ ಯಾವುದು ಯಾವುದೆಂದು ತಿಳಿಯದು.

8

ಬಜಾಜ್ ಫಿನ್‌ಸರ್ವ್ 2022ರ ಸೆಪ್ಟೆಂಬರಿನಲ್ಲಿ ಇಂಥದ್ದೇ ಮಾಡಿತ್ತು. ಅಲ್ಲಿ 5 ರೂಪಾಯಿ ಮುಖಬೆಲೆ 1 ರೂಪಾಯಿಗೆ ಇಳಿಯಿತು, ಬೋನಸ್ ಒಂದಕ್ಕೆ ಒಂದು. ಅಲ್ಲೂ ಒಂದು ಷೇರು ಹತ್ತಾಯಿತು.

ಆದರೆ ಫಿನ್‌ಸರ್ವ್‌ನ ಹತ್ತರಲ್ಲಿ ಐದು ವೆಚ್ಚ ಹೊತ್ತಿವೆ, ಐದು ಬರಿಗೈ. ಫೈನಾನ್ಸ್‌ನ ಹತ್ತರಲ್ಲಿ ವೆಚ್ಚ ಹೊತ್ತವು ಎರಡೇ, ಎಂಟು ಬರಿಗೈ. ಮೊಬೈಲಿನ ಸರಾಸರಿ ಬೆಲೆ ಎರಡು ಕಡೆಯೂ ಹತ್ತನೇ ಒಂದು ಭಾಗಕ್ಕೆ ಇಳಿದಿದೆ. ಅದನ್ನು ನೋಡಿ ಈ ವ್ಯತ್ಯಾಸ ಹೇಳಲಾಗದು.

9

ಸ್ಪ್ಲಿಟ್ ಮೊದಲೋ, ಬೋನಸ್ ಮೊದಲೋ? ಎರಡೂ ರೀತಿ ಹಾಕಿ ನೋಡಿದೆ. ಬೋನಸ್ ಮೊದಲಾದರೆ 10ಕ್ಕೆ 40 ಸೇರುತ್ತದೆ. ಆಮೇಲೆ ಸ್ಪ್ಲಿಟ್ ಆಗಿ 20 ಮತ್ತು 80. ಅದೇ ಉತ್ತರ.

10

ಡಿಮ್ಯಾಟ್ ಸ್ಟೇಟ್‌ಮೆಂಟ್ ನೋಡಬೇಕು. ಮುಖಬೆಲೆ ಬದಲಾದರೆ ಷೇರಿನ ಗುರುತು ಸಂಖ್ಯೆ, ಐಸಿನ್, ಬದಲಾಗುತ್ತದೆ. ಹಳೆಯ ಐಸಿನ್‌ನಲ್ಲಿ 10 ಖರ್ಚು, ಹೊಸ ಐಸಿನ್‌ನಲ್ಲಿ 20 ಜಮೆ. ಬೋನಸ್‌ನ 80 ಬೇರೊಂದು ಜಮೆಯಾಗಿ ಅದೇ ಹೊಸ ಐಸಿನ್‌ನಲ್ಲಿ ಬಂದು ಕೂರುತ್ತದೆ.

ಎರಡು ಜಮೆಗೂ 2025ರ ಜೂನ್ ತಿಂಗಳಿನ ದಿನಾಂಕವೇ. ಆದರೆ ಆ 20ರ ವಯಸ್ಸು 2024ರ ಜನವರಿಯಿಂದ, 80ರ ವಯಸ್ಸು ಹಂಚಿಕೆಯಾದ ದಿನದಿಂದ. ಜನವರಿಯ ದಿನಾಂಕ ಹೊಸ ಐಸಿನ್‌ನ ಸಾಲಿನಲ್ಲಿ ಎಲ್ಲೂ ಇಲ್ಲ. ಕಾಂಟ್ರ್ಯಾಕ್ಟ್ ನೋಟ್‌ನಲ್ಲಿದೆ.

11

2025ರ ಸೆಪ್ಟೆಂಬರಿನಲ್ಲಿ 20 ಷೇರು 950ರಂತೆ ಮಾರಿದರೆಂದುಕೊಳ್ಳೋಣ. ಕೈಗೆ 19,000 (ಮಾರಾಟದ ಶುಲ್ಕ ಬಿಟ್ಟಿದ್ದೇನೆ). ಡಿಮ್ಯಾಟ್ ಷೇರಿಗೆ ಮೊದಲು ಬಂದದ್ದು ಮೊದಲು ಹೋಯಿತು ಎಂಬ ನಿಯಮ. ಹೋದವು ಹಳೆಯ 20, ಅವುಗಳ ವೆಚ್ಚ 70,040.

ನಷ್ಟ 51,040. ದೀರ್ಘಾವಧಿ ನಷ್ಟ.

701ಕ್ಕೆ ಬಿದ್ದ ಷೇರನ್ನು 950ಕ್ಕೆ ಮಾರಿದ್ದಾರೆ. ಮೊಬೈಲು ಲಾಭ ಎನ್ನುತ್ತದೆ, ತೆರಿಗೆ ಅರ್ಜಿ ನಷ್ಟ ಎನ್ನುತ್ತದೆ. ಈ ಪುಟವನ್ನು ನಾನು ಬಹಳ ಹೊತ್ತು ನೋಡಿದೆ.

12

ಉಳಿದ 80ನ್ನೂ ಒಂದು ದಿನ ಅದೇ 950ಕ್ಕೆ ಮಾರಿದರೆ ಬಂದ 76,000 ಪೂರ್ತಿ ಲಾಭ. ಅದರಲ್ಲಿ ಹಿಂದಿನ 51,040 ಕಳೆದರೆ 24,960. ಮೊದಲಿಗೇ ನೂರನ್ನೂ 95,000ಕ್ಕೆ ಮಾರಿ 70,040 ಕಳೆದಿದ್ದರೂ ಅದೇ 24,960 ಬರುತ್ತಿತ್ತು. ಮೊತ್ತ ಕದಲುವುದಿಲ್ಲ. ಯಾವ ವರ್ಷದಲ್ಲಿ ಲಾಭ, ಯಾವ ವರ್ಷದಲ್ಲಿ ನಷ್ಟ ಎಂಬುದಷ್ಟೇ ಕದಲುತ್ತದೆ. ಬೋನಸ್‌ಗೆ ಹನ್ನೆರಡು ತಿಂಗಳು ತುಂಬುವ ಮೊದಲೇ ಮಾರಿದರೆ ಇನ್ನೊಂದು ತೊಡಕು: ಆ ಲಾಭ ಅಲ್ಪಾವಧಿಯದು, ಅದರಲ್ಲಿ ದೀರ್ಘಾವಧಿ ನಷ್ಟ ಕಳೆಯಲು ಬರುವುದಿಲ್ಲ.

13

ಇನ್ನೊಂದು ನೋಟ್ ಸೇರಿಸುತ್ತೇನೆ. ಅದೇ ಷೇರು 5, 2025ರ ಏಪ್ರಿಲ್‌ನಲ್ಲಿ, 9,000ದಂತೆ. ಎಸ್‌ಟಿಟಿ ಬಿಟ್ಟು ವೆಚ್ಚ 45,025. ಜೂನ್‌ನಲ್ಲಿ ಅದು ತಲಾ 4,502 ರೂಪಾಯಿ 50 ಪೈಸೆಯ 10 ಷೇರು ಮತ್ತು 40 ಬೋನಸ್ ಆಗುತ್ತದೆ. ಹಳೆಯ 20ರ ಹಿಂದೆಯೇ ಈ 10ನ್ನೂ 950ಕ್ಕೆ ಮಾರಿದರೆ ನಷ್ಟ 35,525.

ಈ ನಷ್ಟವನ್ನು ಕಾಯ್ದೆ ಒಪ್ಪುವುದಿಲ್ಲ.

ರೆಕಾರ್ಡ್ ಡೇಟ್‌ಗೆ ಹಿಂದಿನ ಮೂರು ತಿಂಗಳೊಳಗೆ ಕೊಂಡು, ನಂತರದ ಒಂಬತ್ತು ತಿಂಗಳೊಳಗೆ ಮಾರಿ, ಬೋನಸ್ ಷೇರುಗಳನ್ನು ಕೈಯಲ್ಲಿ ಉಳಿಸಿಕೊಂಡರೆ ನಷ್ಟವನ್ನು ಎಣಿಸುವುದಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 94(8)ನೇ ಸೆಕ್ಷನ್. ಮೊದಲು ಮ್ಯೂಚುವಲ್ ಫಂಡ್ ಯೂನಿಟ್‌ಗಳಿಗೆ ಇದ್ದದ್ದನ್ನು 2022ರ ಹಣಕಾಸು ಕಾಯ್ದೆ ಷೇರುಗಳಿಗೂ ಹಬ್ಬಿಸಿತು.

ಎಣಿಸದ ನಷ್ಟ ಕಾಣೆಯಾಗುವುದೂ ಇಲ್ಲ. ಉಳಿದ ಬೋನಸ್ ಷೇರುಗಳ ವೆಚ್ಚವಾಗಿ ಹೋಗಿ ಸೇರುತ್ತದೆ. 35,525 ಭಾಗ 40: ತಲಾ 888 ರೂಪಾಯಿ ಚಿಲ್ಲರೆ. ಜನವರಿಯ ನೋಟ್‌ನಿಂದ ಹುಟ್ಟಿದ 80 ಬೋನಸ್‌ಗೆ ಸೊನ್ನೆ, ಏಪ್ರಿಲ್‌ನ ನೋಟ್‌ನಿಂದ ಹುಟ್ಟಿದ 40ಕ್ಕೆ 888.

ಎಲ್ಲ 120 ಒಂದೇ ದಿನ, ಒಂದೇ ಜಮೆಯಲ್ಲಿ ಬಂದವು.

14

ಬಜಾಜ್ ಫೈನಾನ್ಸ್ 2016ರಲ್ಲೂ ಒಂದನ್ನು ಹತ್ತು ಮಾಡಿತ್ತು. ಆಗ 10 ರೂಪಾಯಿ ಮುಖಬೆಲೆ 2ಕ್ಕೆ ಇಳಿದು, ಬೋನಸ್ ಒಂದಕ್ಕೆ ಒಂದು. ಅದಕ್ಕೂ ಮುಂಚೆ ಒಂದು ಷೇರು ಇಟ್ಟುಕೊಂಡಿದ್ದವರ ಬಳಿ ಇಂದು ನೂರು. ಅದರಲ್ಲಿ 10 ಮೂಲ ಷೇರಿನ ತುಂಡುಗಳು, 10 ಮೊದಲ ಬೋನಸ್‌ನ ತುಂಡುಗಳು, 80 ಎರಡನೆಯ ಬೋನಸ್.

ಮೊದಲ ಬೋನಸ್‌ನ 10ಕ್ಕೆ ವೆಚ್ಚ ಸೊನ್ನೆಯಲ್ಲ. ಅವು 2018ರ ಜನವರಿ 31ಕ್ಕೂ ಮುಂಚಿನವಾದ್ದರಿಂದ ಅಂದು ಷೇರು ಮುಟ್ಟಿದ ಅತ್ಯಧಿಕ ಬೆಲೆಯನ್ನು, ಮಾರಿದ ಬೆಲೆ ಅದಕ್ಕಿಂತ ಕಡಿಮೆಯಿದ್ದರೆ ಮಾರಿದ ಬೆಲೆಯನ್ನು, ವೆಚ್ಚವೆಂದು ಹಿಡಿಯಬಹುದು. ಆದರೆ ಅಂದಿನ ಬೆಲೆ 2 ರೂಪಾಯಿ ಮುಖಬೆಲೆಯ ಷೇರಿನದು. ಇಂದಿನ ಷೇರಿಗೆ ಅದರ ಅರ್ಧ. ಹತ್ತನೇ ಒಂದಲ್ಲ, ಏಕೆಂದರೆ 2025ರ ಬೋನಸ್ ಆ ಹಳೆಯ ಷೇರಿನಿಂದ ಏನನ್ನೂ ತೆಗೆದುಕೊಂಡು ಹೋಗಿಲ್ಲ.

15

ನೋಟ್ ಕಳೆದುಕೊಂಡವರು ಚಾರ್ಟ್ ನೋಡುತ್ತಾರೆ. ಚಾರ್ಟ್‌ನಲ್ಲಿ 2024ರ ಜನವರಿಯ ಬೆಲೆ 700ರ ಆಸುಪಾಸು. ಚಾರ್ಟ್ ಹಳೆಯ ಬೆಲೆಗಳನ್ನು ಮೊದಲೇ ಹತ್ತರಿಂದ ಭಾಗಿಸಿಟ್ಟಿರುತ್ತದೆ. ಅದನ್ನು ಅರಿಯದೆ ಇನ್ನೊಮ್ಮೆ ಭಾಗಿಸಿದರೆ 70 ಬರುತ್ತದೆ.

700 ರೂಪಾಯಿಗೆ ಅಂದು ಆ ಷೇರನ್ನು ಯಾರೂ ಕೊಂಡಿಲ್ಲ. ಯಾವ ಕಾಂಟ್ರ್ಯಾಕ್ಟ್ ನೋಟ್‌ನಲ್ಲೂ ಆ ಬೆಲೆ ಸಿಗದು.

16

ತಪ್ಪಾಗಿದೆಯೇ ಎಂದು ತಿಳಿಯಲು ಎರಡು ಕೂಡಿಕೆ ಸಾಕು. ಏನನ್ನೂ ಮಾರುವ ಮೊದಲು ಷೇರುಗಳ ಸಂಖ್ಯೆ ಕೂಡಿದರೆ ಡಿಮ್ಯಾಟ್‌ನಲ್ಲಿರುವಷ್ಟು ಬರಬೇಕು: 100 ಮತ್ತು 50, ಒಟ್ಟು 150. ವೆಚ್ಚ ಕೂಡಿದರೆ ಎರಡು ನೋಟ್‌ಗಳ ಮೊತ್ತ ಬರಬೇಕು: 70,040 ಮತ್ತು 45,025, ಒಟ್ಟು 1,15,065. ಸಂಖ್ಯೆ ಸರಿಯಿದ್ದು ವೆಚ್ಚ ಹತ್ತನೇ ಒಂದಕ್ಕೆ ಇಳಿದಿದ್ದರೆ ಎರಡು ಬಾರಿ ಭಾಗಿಸಲಾಗಿದೆ. ವೆಚ್ಚ ಹತ್ತು ಪಟ್ಟಾಗಿದ್ದರೆ ಹೊಸ ಸಂಖ್ಯೆಯ ಮುಂದೆ ಹಳೆಯ ಬೆಲೆ ಕೂತಿದೆ.

ಮೂರನೆಯ ತಪ್ಪು ಈ ಕೂಡಿಕೆಗೆ ಸಿಗುವುದಿಲ್ಲ. 70,040ನ್ನು 20ಕ್ಕೆ ಹಂಚುವ ಬದಲು 100ಕ್ಕೆ ಹಂಚಿದ್ದರೂ ಎರಡು ಮೊತ್ತವೂ ಸರಿಯಾಗಿಯೇ ಬರುತ್ತವೆ. ಅದನ್ನು ಹಿಡಿಯಲು ಒಂದೊಂದು ಸಾಲಿನ ಎದುರು ಬರೆದಿರಬೇಕು: ಇದು ಕೊಂಡದ್ದು, ಇದು ಬೋನಸ್, ಈ ಬೋನಸ್ ಇಂಥ ನೋಟ್‌ನಿಂದ ಬಂದದ್ದು.