ಚನ್ನರಾಯನದುರ್ಗದ ಕುಲುಮೆಯಲ್ಲಿ ಒಂದು ತಂತಿ

ಗೇಣುದ್ದದ ಒಂದು ತಂತಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ನಾನು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಕಾಲೇಜುಗಳಿಗೆ ಹೋಗುತ್ತಿರುತ್ತೇನೆ. ನೋಡಲು ಸಾಧಾರಣ ಕಬ್ಬಿಣದ ತಂತಿಯ ಹಾಗೇ ಇದೆ. ದಪ್ಪ ಒಂದು ಮಿಲಿಮೀಟರ್. ಇದರಲ್ಲಿರುವ ಪರಮಾಣುಗಳಲ್ಲಿ ಹೆಚ್ಚುಕಡಿಮೆ ಅರ್ಧ ನಿಕ್ಕಲ್, ಅರ್ಧ ಟೈಟಾನಿಯಂ. 1959ರ ಹೊತ್ತಿಗೆ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ಎಂಬಾತ ಈ ಮಿಶ್ರಲೋಹದ ಮೇಲೆ ಕೆಲಸ ಮಾಡುತ್ತಿದ್ದ. ನಿಟಿನಾಲ್ ಎಂಬ ಹೆಸರಿನ ಕೊನೆಯ ಮೂರು ಅಕ್ಷರ ಆ ಪ್ರಯೋಗಾಲಯದ್ದೇ. ಐಸ್ ನೀರಿನಲ್ಲಿ ಅದ್ದಿ ತೆಗೆದರೆ ತಂತಿ ಸೀಸದ ಹಾಗೆ ಮೆತ್ತಗಾಗುತ್ತದೆ, ಹೇಗೆ ಬೇಕಾದರೂ ಬಗ್ಗುತ್ತದೆ. ಕಾಫಿಯಷ್ಟು ಬಿಸಿಯಾದ ನೀರಿಗೆ ಹಾಕಿದರೆ ಥಟ್ಟನೆ ನೆಟ್ಟಗಾಗುತ್ತದೆ. ಹುಡುಗರು ಚಪ್ಪಾಳೆ ಹೊಡೆಯುತ್ತಾರೆ.

ಪ್ರಯೋಗ ಕೆಟ್ಟರೆ ಅದಕ್ಕೆ ಊರಿನ ಬಿಸಿಲೇ ಕಾರಣವಾಗಿರುತ್ತದೆ. ನನ್ನ ತಂತಿ ಸುಮಾರು 30 ಡಿಗ್ರಿಯಲ್ಲಿ ಹಳೆಯ ಆಕಾರಕ್ಕೆ ಮರಳಲು ಶುರುಮಾಡಿ 45ರೊಳಗೆ ಮುಗಿಸುತ್ತದೆ. ಆದರೆ ಮೆತ್ತಗಾಗಬೇಕಾದರೆ 15ಕ್ಕಿಂತ ಕೆಳಗೆ, ಪೂರ್ತಿ ಮೆತ್ತಗಾಗಲು ಸೊನ್ನೆಯ ಹತ್ತಿರಕ್ಕೆ ಇಳಿಯಬೇಕು. ಹೋಗುವ ದಾರಿಯ ಉಷ್ಣತೆ ಬೇರೆ, ಬರುವ ದಾರಿಯದು ಬೇರೆ. ಶಿರಾದಲ್ಲಿ ಡಿಸೆಂಬರಿನ ಬೆಳಿಗ್ಗೆ ಒಮ್ಮೆ ಐಸಿನಲ್ಲಿ ಅದ್ದಿದರೆ ಇಡೀ ತರಗತಿ ಮುಗಿಯುವವರೆಗೆ ಮೆತ್ತಗೇ ಇರುತ್ತದೆ. ಪಾವಗಡದಲ್ಲಿ ಏಪ್ರಿಲ್ ಮಧ್ಯಾಹ್ನ ತಂತಿಯನ್ನು ಕೈಯಲ್ಲಿ ಹಿಡಿದು ಪೀಠಿಕೆ ಹಾಕುತ್ತಾ ನಿಂತರೆ, ಬಗ್ಗಿಸುವ ಹೊತ್ತಿಗೆ ಅದು ಸೆಟೆದುಕೊಂಡಿರುತ್ತದೆ. ತಂತಿ ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯಲು ಉಪಕರಣವೇನೂ ಬೇಡ. ಬಗ್ಗಿಸಿ ಬಿಟ್ಟಾಗ ಬಗ್ಗಿದ ಹಾಗೇ ಉಳಿದರೆ ತಣ್ಣನೆಯ ಸ್ಥಿತಿ. ಬೆರಳಿಗೆ ಎದುರು ನಿಂತು ಸ್ಪ್ರಿಂಗಿನ ಹಾಗೆ ಹಿಂದಕ್ಕೆ ಪುಟಿದರೆ ಬಿಸಿಯ ಸ್ಥಿತಿ.

ಮಧುಗಿರಿಯ ಒಂದು ತರಗತಿಯಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಚಪ್ಪಾಳೆ ಹೊಡೆಯದೆ ಕೈಯೆತ್ತಿದಳು. "ಸಾರ್, ಇವಾಗ ನೆಟ್ಟಗಾಯ್ತಲ್ಲ, ಇದನ್ನ ತಿರ್ಗಾ ಐಸಲ್ಲಿ ಹಾಕಿದ್ರೆ ಆವಾಗ ಬಗ್ಗಿದ್ದಂಗೇ ಬಗ್ಗುತ್ತಾ?" ಹಾಕಿ ತೋರಿಸಿದೆ. ತಂತಿ ನೆಟ್ಟಗೇ ಇತ್ತು. "ಮತ್ತೆ ನೆನಪಿದೆ ಅಂತೀರಿ? ಬಿಸೀಲಿ ನೆನಪು, ತಣ್ಣಗಾದ್ರೆ ಮರೆವು. ಅದ್ಯಾಕೆ?"

ಪುಸ್ತಕದಲ್ಲಿ ಇದಕ್ಕೆ 'ಏಕಮುಖ ಸ್ಮರಣೆ' ಎಂಬ ಹೆಸರಿದೆ. ಅವಳು ಕೇಳಿದ್ದು ಹೆಸರನ್ನಲ್ಲ. ಅವಳಿಗೆ ನಾನು ಬಸ್ಸಿನ ಕಥೆ ಹೇಳಿದೆ.

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಪ್ರೈವೇಟ್ ಬಸ್ಸು, ಸಂತೆಯ ದಿನ. ನಿಂತವರು ಒಬ್ಬರಿಗೊಬ್ಬರು ಅಂಟಿಕೊಂಡಿದ್ದಾರೆ. ತಂತಿ ಬಿಸಿಯಾಗಿದ್ದಾಗ ಒಳಗಿನ ಪರಮಾಣುಗಳು ಹೀಗೆ ನೆಟ್ಟಗೆ ನಿಂತಿರುತ್ತವೆ. ಘನಾಕೃತಿಯ ಎಂಟು ಮೂಲೆಗಳಲ್ಲಿ ಟೈಟಾನಿಯಂ, ನಟ್ಟನಡುವೆ ನಿಕ್ಕಲ್. ಈ ಜೋಡಣೆಗೆ ಆಸ್ಟೆನೈಟ್ ಎಂದು ಹೆಸರು. ತಣ್ಣಗಾದಾಗ ಘನಾಕೃತಿ ಒಂದು ಕಡೆಗೆ ವಾಲುತ್ತದೆ, ನಿದ್ದೆ ಬಂದ ಪ್ರಯಾಣಿಕನ ಹಾಗೆ. ವಾಲಿದ ಜೋಡಣೆಯೇ ಮಾರ್ಟೆನ್‌ಸೈಟ್. ಇಲ್ಲಿ ಗಮನಿಸಬೇಕಾದ್ದು, ಯಾರೂ ತಮ್ಮ ಜಾಗ ಬಿಟ್ಟು ಹೋಗುವುದಿಲ್ಲ. ಪಕ್ಕದವರು ಪಕ್ಕದವರಾಗೇ ಇರುತ್ತಾರೆ. ಒಂದೊಂದು ಪರಮಾಣು ಸರಿಯುವುದು ತನಗೂ ನೆರೆಯ ಪರಮಾಣುವಿಗೂ ಇರುವ ದೂರಕ್ಕಿಂತ ಕಡಿಮೆ. ಎಲ್ಲರೂ ಒಟ್ಟಿಗೆ ಸರಿಯುವುದರಿಂದ ಬದಲಾವಣೆ ಕ್ಷಣದಲ್ಲಿ ಮುಗಿಯುತ್ತದೆ.

ನೆಟ್ಟಗೆ ನಿಲ್ಲುವುದಕ್ಕೆ ಇರುವುದು ಒಂದೇ ರೀತಿ. ವಾಲುವುದಕ್ಕೆ ಹಲವು ದಿಕ್ಕುಗಳಿವೆ. ಈ ಲೋಹದ ಘನಾಕೃತಿಗೆ ಹನ್ನೆರಡು. ಯಾರೂ ತಳ್ಳದೆ ತಾನಾಗಿ ತಣ್ಣಗಾದರೆ ಒಂದು ಗುಂಪು ಎಡಕ್ಕೆ ವಾಲುತ್ತದೆ, ಪಕ್ಕದ ಗುಂಪು ಬಲಕ್ಕೆ ವಾಲಿ ಅದನ್ನು ಸರಿದೂಗಿಸುತ್ತದೆ. ಬಸ್ಸಿನ ಅಗಲ ಮೊದಲಿನಷ್ಟೇ. ಐಸಿಗೆ ಹಾಕಿದ ನೇರ ತಂತಿ ಒಳಗೆಲ್ಲ ಬದಲಾಗಿಯೂ ಹೊರಗೆ ನೇರವಾಗಿಯೇ ಕಾಣುವುದು ಇದಕ್ಕೇ.

ಈಗ ಬೆರಳಿನಿಂದ ಬಗ್ಗಿಸುತ್ತೇನೆ. ಇದು ಕಂಡಕ್ಟರ್ ನುಗ್ಗಿ "ಹಿಂದಕ್ಕೆ ವಾಲ್ಕಳ್ರಿ" ಎಂದು ತಳ್ಳಿದ ಹಾಗೆ. ಎಡಕ್ಕೆ ವಾಲಿದವರೂ ಬಲಕ್ಕೆ ವಾಲಿದವರೂ ತಳ್ಳಿದ ದಿಕ್ಕಿಗೆ ವಾಲುತ್ತಾರೆ. ಸಾಲುಗಳು ಒಂದೇ ಕಡೆಗೆ ತಿರುಗಿದಾಗ ತಂತಿ ಬಗ್ಗುತ್ತದೆ. ಆಗಲೂ ಯಾರ ನೆರೆಹೊರೆಯೂ ಬದಲಾಗಿಲ್ಲ. ತಾಮ್ರದ ತಂತಿಯನ್ನು ಬಗ್ಗಿಸಿದರೆ ಹಾಗಲ್ಲ. ಅಲ್ಲಿ ಒಂದು ಪದರ ಇನ್ನೊಂದರ ಮೇಲೆ ಜಾರಿ ಹೊಸ ನೆರೆಯವರ ಪಕ್ಕ ನಿಂತುಬಿಡುತ್ತದೆ. ಜಾರಿದ್ದು ವಾಪಸು ಬರಲು ದಾರಿ ಇಲ್ಲ.

ಬಿಸಿ ಮಾಡಿದಾಗ ಎಲ್ಲರೂ ನೆಟ್ಟಗಾಗಬೇಕು. ಯಾವ ದಿಕ್ಕಿನಿಂದ ಎದ್ದರೂ ನೆಟ್ಟಗೆ ನಿಲ್ಲುವುದು ಒಂದೇ. ವಾಲಿದ ಜೋಡಣೆಯಿಂದ ಬೇರೆ ಯಾವುದೋ ಘನಾಕೃತಿಗೆ ಎದ್ದರೆ ನಿಕ್ಕಲ್ ಪಕ್ಕ ಟೈಟಾನಿಯಂ ಇರಬೇಕೆಂಬ ಕ್ರಮ ಕೆಡುತ್ತದೆ, ಅದಕ್ಕೆ ಲೋಹ ಒಪ್ಪುವುದಿಲ್ಲ. ಹಾಗಾಗಿ ಮರಳುವ ದಾರಿ ಒಂದೇ ಉಳಿಯುತ್ತದೆ. ಮತ್ತೆ ತಣ್ಣಗಾದಾಗಲೋ? ಹನ್ನೆರಡು ದಿಕ್ಕುಗಳೂ ಮೊದಲಿನ ಹಾಗೇ ತೆರೆದಿವೆ. ಕಂಡಕ್ಟರ್ ಯಾವತ್ತೋ ತಳ್ಳಿದ್ದ ಎಂಬುದಕ್ಕೆ ಬಸ್ಸಿನೊಳಗೆ ಯಾವ ಗುರುತೂ ಇಲ್ಲ. ಮತ್ತೆ ಅರ್ಧ ಎಡಕ್ಕೆ, ಅರ್ಧ ಬಲಕ್ಕೆ. ತಂತಿ ನೆಟ್ಟಗೇ ಇರುತ್ತದೆ.

ನನಗೆ ಕೇಳಿದರೆ 'ನೆನಪು' ಎಂಬ ಮಾತೇ ಇಲ್ಲಿ ಸ್ವಲ್ಪ ದಾರಿ ತಪ್ಪಿಸುತ್ತದೆ. ಬಗ್ಗಿದ್ದು ಎಲ್ಲೂ ದಾಖಲಾಗುವುದೇ ಇಲ್ಲ. ದಾಖಲಾಗಿರುವುದು ನೆರೆಹೊರೆ ಮಾತ್ರ.

ಹುಡುಗಿ ಸುಮ್ಮನಾಗಲಿಲ್ಲ. ಅವಳ ಅಪ್ಪ ಚನ್ನರಾಯನದುರ್ಗದ ಕಡೆ ಕುಲುಮೆ ಇಟ್ಟುಕೊಂಡವರು. "ನಮ್ಮಪ್ಪ ದಿನಾ ಕಾಯಿಸಿ ನೀರಿಗೆ ಅದ್ದುತ್ತೆ. ಕುಡುಗೋಲು ಯಾವತ್ತೂ ಹಿಂಗೆ ಆಡಿಲ್ಲ" ಎಂದಳು. ನಾನು ಆ ಭಾನುವಾರವೇ ಹೋದೆ.

ಕೊರಟಗೆರೆ ತಾಲ್ಲೂಕಿನ ಆ ಸೀಮೆಗೆ ಉಕ್ಕು ಹೊಸದಲ್ಲ. 1800ರಲ್ಲಿ ಇಲ್ಲೆಲ್ಲ ಓಡಾಡಿದ ಫ್ರಾನ್ಸಿಸ್ ಬುಕಾನನ್, ಮಧುಗಿರಿ, ಚನ್ನರಾಯನದುರ್ಗ, ದೇವರಾಯನದುರ್ಗಗಳ ಬಂಡೆಗಳಿಂದ ಮಳೆನೀರು ಹೊತ್ತು ತರುವ ಕಪ್ಪು ಮರಳಿನಿಂದ ಕಬ್ಬಿಣ ತೆಗೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಈಗ ಮರಳು ಕರಗಿಸುವವರಿಲ್ಲ. ಹುಡುಗಿಯ ಅಪ್ಪ ಹಳೇ ಲಾರಿಯ ಪ್ಲೇಟುಗಳನ್ನು ಕತ್ತರಿಸಿ ಮಚ್ಚು, ಕುಡುಗೋಲು ಮಾಡುತ್ತಾರೆ.

ಅವರು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದಾಗ ಉಕ್ಕಿನೊಳಗೆ ಆಗುವುದೂ ಮಾರ್ಟೆನ್‌ಸೈಟೇ. ಹೆಸರು ಹುಟ್ಟಿದ್ದೇ ಉಕ್ಕಿನಿಂದ, ಅಡಾಲ್ಫ್ ಮಾರ್ಟೆನ್ಸ್ ಎಂಬ ಜರ್ಮನ್ ಲೋಹಶಾಸ್ತ್ರಜ್ಞನ ನೆನಪಿಗೆ. ಆದರೆ ಉಕ್ಕಿನ ಬಸ್ಸಿನಲ್ಲಿ ಕಾರ್ಬನ್ ಎಂಬ ಹೆಚ್ಚಿನ ಪ್ರಯಾಣಿಕರಿದ್ದಾರೆ, ನಿಂತವರ ಸಂದಿಯಲ್ಲಿ ತೂರಿಕೊಂಡವರು. ದಿಢೀರನೆ ತಣ್ಣಗಾದಾಗ ಅವರು ಅಲ್ಲೇ ಸಿಕ್ಕಿಬೀಳುತ್ತಾರೆ, ಲೋಹ ಬಿಗಿದು ಗಟ್ಟಿಯಾಗುತ್ತದೆ. ಜೊತೆಗೆ ಗಾತ್ರವೂ ನೂರಕ್ಕೆ ಮೂರು ನಾಲ್ಕು ಪಾಲು ಹಿಗ್ಗುವುದರಿಂದ ಸುತ್ತಲಿನ ಪದರಗಳು ಜಾರಿಹೋಗುತ್ತವೆ. ಮತ್ತೆ ಕಾಯಿಸಿದರೆ ಸಿಕ್ಕಿಬಿದ್ದ ಕಾರ್ಬನ್ ನೆಟ್ಟಗಾಗುವ ಹೊತ್ತಿನವರೆಗೆ ಕಾಯುವುದಿಲ್ಲ, ಮೊದಲೇ ಇಳಿದು ಬೇರೆ ಕಡೆ ಗುಂಪುಗೂಡುತ್ತದೆ. ಬಂದ ದಾರಿ ಅಳಿಸಿಹೋಗುತ್ತದೆ. ನಿಟಿನಾಲಿನಲ್ಲಿ ಸಂದಿಯ ಪ್ರಯಾಣಿಕರಿಲ್ಲ, ಗಾತ್ರದ ವ್ಯತ್ಯಾಸ ನೂರಕ್ಕೆ ಅರ್ಧ ಪಾಲೂ ಇಲ್ಲ. ಇಷ್ಟನ್ನು ಹೇಳಿದಾಗ ಆ ಯಜಮಾನರು, "ಹದ ಇಳಿಸೋವಾಗ ನಾವು ಕಳಿಯೋದು ಅದನ್ನೇ ಅನ್ನಿ" ಎಂದರು. ಸರಿಯಾಗಿಯೇ ಹೇಳಿದರು.

ಆಮೇಲೆ ಅವರು ತಂತಿ ಕೇಳಿದರು. "ಇದಕ್ಕೆ ನೆಟ್ಟಗಿರಾದು ಕಲ್ಸಿದ್ಯಾರು? ಕುಡುಗೋಲಾಗಾದು ಕಲ್ಸಕ್ಕಾಯ್ತದಾ?" ಆಗುತ್ತದೆ. ಬೇಕಾದ ಆಕಾರದಲ್ಲಿ ಅಲ್ಲಾಡದಂತೆ ಕಟ್ಟಿ, ಸುಮಾರು 500 ಡಿಗ್ರಿಯಲ್ಲಿ ಹತ್ತು ನಿಮಿಷ ಇಟ್ಟು, ನೀರಿಗೆ ಅದ್ದಬೇಕು. ಆ ಬಿಸಿಯಲ್ಲಿ ಮಾತ್ರ ಪರಮಾಣುಗಳು ಹೊಸ ನೆರೆಹೊರೆಗೆ ಒಗ್ಗಿಕೊಳ್ಳುತ್ತವೆ. ಕುಲುಮೆಯಲ್ಲಿ 500 ಡಿಗ್ರಿಯನ್ನು ಅಳೆಯುವುದು ಹೇಗೆ? ಅವರು ಬಾಗಿಲು ಎಳೆದು ಕತ್ತಲು ಮಾಡಿದರು.

ಮೊದಲ ತುಂಡನ್ನು ಕುಡುಗೋಲಿಗೆ ಬೇಕಾದಷ್ಟು ಕೆಂಪಗೆ ಕಾಯಿಸಿದರು. ಕಪ್ಪು ಪೊರೆ ಕಟ್ಟಿಕೊಂಡು ಬಂತು. ಐಸಿನಲ್ಲಿ ನೇರ ಮಾಡಿ ಬಿಸಿನೀರಿಗೆ ಹಾಕಿದರೆ ಅರೆಮನಸ್ಸಿನಿಂದ ಅರ್ಧ ಬಾಗಿ ನಿಂತಿತು. ಹೆಚ್ಚು ಕಾಯಿಸಿದರೆ ತಂತಿ ಎಳೆಯುವಾಗ ಬಂದ ಒಳಗಿನ ಬಿಗಿ ಪೂರ್ತಿ ಸಡಿಲವಾಗುತ್ತದೆ. ಬಿಗಿ ಹೋದ ಲೋಹದಲ್ಲಿ ಪದರಗಳು ಸುಲಭವಾಗಿ ಜಾರುತ್ತವೆ. ಎರಡನೆಯ ತುಂಡಿಗೆ, ಕತ್ತಲಲ್ಲಿ ಕಣ್ಣು ಹೊಂದಿಕೊಂಡ ಮೇಲೆ ಇದೆಯೋ ಇಲ್ಲವೋ ಎಂಬಂತೆ ಕಾಣುವ ಕೆಂಪು ಸಾಕೆಂದೆ. ತಿದಿಯನ್ನು ನಿಧಾನಕ್ಕೆ ಒತ್ತುತ್ತಾ ಆ ಕೆಂಪನ್ನು ಅವರು ಹತ್ತು ನಿಮಿಷ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲದಂತೆ ಹಿಡಿದರು. ನಮ್ಮ ಲ್ಯಾಬಿನ ಒಲೆಯೂ ಅಷ್ಟು ಚೆನ್ನಾಗಿ ಹಿಡಿಯುತ್ತದೆಂದು ನನಗನ್ನಿಸುವುದಿಲ್ಲ. ಆ ತಂತಿಯನ್ನು ತಣ್ಣೀರಲ್ಲಿ ನೇರ ಮಾಡಿ ಟೀ ಪಾತ್ರೆಗೆ ಬಿಟ್ಟಾಗ ಪುಟ್ಟ ಕುಡುಗೋಲಾಗಿ ಎದ್ದಿತು.

ಎಷ್ಟು ಬಗ್ಗಿಸಬಹುದು ಎಂಬುದಕ್ಕೂ ಮಿತಿಯಿದೆ. ಅದನ್ನು ಹುಡುಗಿಯೇ ಲೆಕ್ಕ ಹಾಕಿದಳು. ತಂತಿಯ ಅರ್ಧ ದಪ್ಪವನ್ನು, ಬಳುಕಿನ ತ್ರಿಜ್ಯದಿಂದ ಭಾಗಿಸಿದರೆ ಹೊರಮೈ ಎಷ್ಟು ಹಿಗ್ಗಿತೆಂದು ಸಿಗುತ್ತದೆ. 20 ಮಿಲಿಮೀಟರ್ ದಪ್ಪದ ಪೈಪಿಗೆ ಸುತ್ತಿದರೆ 0.5 ಭಾಗ 10.5, ಅಂದರೆ ನೂರಕ್ಕೆ ಐದರೊಳಗೆ. ಬಿಸಿನೀರಿನಲ್ಲಿ ಪೂರ್ತಿ ಬಿಚ್ಚಿಕೊಂಡಿತು. 5 ಮಿಲಿಮೀಟರ್ ಮೊಳೆಗೆ ಸುತ್ತಿದರೆ 0.5 ಭಾಗ 3, ನೂರಕ್ಕೆ ಹದಿನೇಳು. ವಾಲಿಕೆಯನ್ನು ತಿರುಗಿಸುವುದರಿಂದ ಸಿಗುವುದು ಹೆಚ್ಚೆಂದರೆ ಎಂಟರಷ್ಟು. ಉಳಿದದ್ದಕ್ಕೆ ಪದರ ಜಾರಲೇಬೇಕು. ಮೊಳೆಗೆ ಸುತ್ತಿದ ತಂತಿ ಕುದಿಯುವ ನೀರಿನಲ್ಲೂ ಕೊಕ್ಕೆಯಾಗಿಯೇ ಉಳಿಯಿತು.

ಒಂದು ತಿಂಗಳ ಮೇಲೆ ಅವಳು ಕಾಲೇಜಿಗೆ ಬೇರೊಂದು ತುಂಡು ತಂದಳು. ಐಸಿನಲ್ಲಿ ಒಂದೇ ಕಡೆಗೆ ಬಗ್ಗಿಸುವುದು, ಬಿಸಿನೀರಿಗೆ ಹಾಕುವುದು, ಹೀಗೆ ಎಪ್ಪತ್ತು ಸಲ ಮಾಡಿದ್ದಳಂತೆ, ನೋಟ್‌ಬುಕ್ಕಿನಲ್ಲಿ ಗೀಟು ಎಳೆಯುತ್ತಾ. ಯಾರೂ ಮುಟ್ಟದೆ ಐಸಿಗೆ ಬಿಟ್ಟಳು. ತಂತಿ ತಾನಾಗಿ ಆ ಕಡೆಗೆ ಕೊಂಚ ಬಾಗಿತು. ಬಿಸಿನೀರಿಗೆ ಹಾಕಿದರೆ ನೆಟ್ಟಗಾಯಿತು, ಮತ್ತೆ ಐಸಿಗೆ ಹಾಕಿದರೆ ಮತ್ತೆ ಅಷ್ಟೇ ಬಾಗಿತು. ಎಪ್ಪತ್ತು ಸಲ ಬಗ್ಗಿಸುವಾಗ ಅಲ್ಲಲ್ಲಿ ಒಂದಿಷ್ಟು ಪದರ ಜಾರಿ ಉಳಿದುಕೊಂಡಿದೆ. ಬಿಸಿಯಲ್ಲೂ ಸರಿಹೋಗದ ಆ ಜಾರಿಕೆ ಸುತ್ತಲಿನವರನ್ನು ಒಂದೇ ದಿಕ್ಕಿಗೆ ಒತ್ತುತ್ತಿದೆ. ಹನ್ನೆರಡರಲ್ಲಿ ಒಂದಕ್ಕೆ ಒಲವು ಬಂದಿದೆ.

"ಇದು ಕೆಟ್ಟಿರೋ ತಂತಿ ಅಲ್ವಾ ಸಾರ್?" ಎಂದಳು.

"ಹೂಂ, ಅಷ್ಟರಮಟ್ಟಿಗೆ ಕೆಟ್ಟಿರೋದ್ರಿಂದಾನೇ ಬಾಗ್ತಿರೋದು" ಎಂದೆ. ಅವಳು ಎಪ್ಪತ್ತೊಂದನೆಯ ಗೀಟು ಎಳೆದಳು.