ಎರಡು ಚಮಚದಿಂದ ಅರ್ಧ ಚಮಚಕ್ಕೆ

ಮೂರನೇ ಸೆಮ್ ಮುಗಿಯೋ ಹೊತ್ತಿಗೆ ನನ್ನ ತೂಕ 6 ಕೆ.ಜಿ. ಏರಿತ್ತು. ನಮ್ಮ ಮೆಸ್ ಊಟ ಉಂಡವರು ಇದನ್ನು ನಂಬಲ್ಲ. ಅದೇ ರಜೆಯಲ್ಲಿ ಅಪ್ಪನಿಗೆ ಶುಗರ್ ಇದೆ ಅಂತ ಗೊತ್ತಾಯ್ತು. ಜೊತೆಗೆ ಹೋಗಿದ್ದ ನನ್ನ ಹೊಟ್ಟೆ ಕಡೆಗೂ ಡಾಕ್ಟರು ಒಮ್ಮೆ ನೋಡಿ, "ನೀನೇನು ಕುಡೀತೀಯಪ್ಪಾ?" ಅಂದ್ರು. ಅಪ್ಪನ ಮುಂದೆ ಬೆವತುಹೋದೆ. ಅವರು ಕೇಳಿದ್ದು ಟೀ, ಜ್ಯೂಸ್ ಬಗ್ಗೆ ಅಂತ ಆಮೇಲೆ ತಿಳೀತು.

ವಾಪಸ್ ಬಂದು ಕೆಮಿಸ್ಟ್ರಿ ಲ್ಯಾಬಿನ ತಕ್ಕಡಿಯಲ್ಲಿ ನನ್ನ ಚಮಚದ ಸಕ್ಕರೆ ತೂಗಿದೆ. ತುಸು ಗೋಪುರ ಕಟ್ಟಿದ ಒಂದು ಚಮಚಕ್ಕೆ 5 ಗ್ರಾಂ. ನನ್ನ ಟೀಗೆ ಎರಡು ಚಮಚ, ದಿನಕ್ಕೆ ನಾಲ್ಕು ಟೀ, ಅಂದ್ರೆ 40 ಗ್ರಾಂ. ಸಂಜೆಯ ಮಾವಿನ ಜ್ಯೂಸ್ ಡಬ್ಬಿಯ ಹಿಂದೆ 100 ಮಿ.ಲೀ.ಗೆ 13 ಗ್ರಾಂ ಅಂತ ಬರೆದಿತ್ತು. ನಾನು ಅದನ್ನೇ ಇಡೀ ಡಬ್ಬಿಯ ಲೆಕ್ಕ ಅಂದ್ಕೊಂಡಿದ್ದೆ; ಡಬ್ಬಿ 200 ಮಿ.ಲೀ., ಹಾಗಾಗಿ 26 ಗ್ರಾಂ. ಒಟ್ಟು 66. ಗ್ರಾಮಿಗೆ 4 ಕ್ಯಾಲೊರಿಯಂತೆ 264, ಹಾಲಿನದ್ದು ಬೇರೆ. ಸುಮಾರು ಎರಡೂವರೆ ಚಪಾತಿಯಷ್ಟಾಯ್ತು. ಆದ್ರೆ ಜ್ಯೂಸ್ ಕುಡಿದೆ ಅಂತ ರಾತ್ರಿ ಒಂದು ಚಪಾತಿ ಕಮ್ಮಿ ತಿಂದದ್ದು ನೆನಪಿಲ್ಲ. ಕುಡಿದದ್ದನ್ನು ಹೊಟ್ಟೆ ಊಟ ಅಂತ ಎಣಿಸೋದೇ ಕಮ್ಮಿ.

ಸೋಮವಾರದಿಂದ ಎಲ್ಲಾ ಬಂದ್ ಮಾಡಿದೆ. ಮಂಗಳವಾರ ತಲೆ ಸಿಡಿದುಹೋಯ್ತು, ಬುಧವಾರ ಎರಡು ಜ್ಯೂಸ್ ಒಟ್ಟಿಗೆ ಕುಡಿದೆ. ಆ ತಲೆನೋವು ಸಕ್ಕರೆ ಬಿಟ್ಟಿದ್ದಕ್ಕಲ್ಲ, ಟೀಯ ಕೆಫೀನ್ ಥಟ್ಟನೆ ನಿಂತಿದ್ದಕ್ಕೆ. ಟೀ ಬಿಡೋ ಅಗತ್ಯವೇ ಇರ್ಲಿಲ್ಲ!

ಎರಡನೇ ಸಲ ನಾಲ್ಕು ಟೀ ಹಾಗೇ ಇಟ್ಕೊಂಡು, ಹದಿನೈದು ದಿನಕ್ಕೊಮ್ಮೆ ಅರ್ಧ ಚಮಚ ಮಾತ್ರ ಇಳಿಸಿದೆ. ಪ್ರತಿ ಸಲ ಮೊದಲ ಮೂರ್ನಾಲ್ಕು ದಿನ ಸಪ್ಪೆ, ಆಮೇಲೆ ನಾಲಿಗೆ ಅದೇ ಸರಿ ಅಂತ ಒಪ್ಕೊಳ್ತು. ತೊಡಕು ಬಂದದ್ದು ಕ್ಯಾಂಟೀನಲ್ಲಿ. ಅಲ್ಲಿ ಟೀ ಪಾತ್ರೆಯಲ್ಲೇ ಸಕ್ಕರೆ ಕುದ್ದಿರುತ್ತೆ, "ಅಣ್ಣಾ, ಸಕ್ಕರೆ ಕಮ್ಮಿ" ಅಂದ್ರೆ ನಕ್ಕುಬಿಡ್ತಾರೆ. ಕಾಫಿಗೆ ಮಾತ್ರ ಡಿಕಾಕ್ಷನ್, ಹಾಲು, ಸಕ್ಕರೆ ಬೇರೆಬೇರೆ. ಹಾಗಾಗಿ ಅಲ್ಲಿ ಕಾಫಿ, ರೂಮಲ್ಲಿ ಟೀ. (ಕೆಟಲ್ ಯಾರದು ಅಂತ ವಾರ್ಡನ್ ಕೇಳಬಾರದು.) ರೂಮ್‌ಮೇಟ್ ಬೆಲ್ಲದ ಟೀಗೆ ಹಾರಿದ, ಬೆಲ್ಲದಲ್ಲೂ ಹೆಚ್ಚುಕಮ್ಮಿ ಅಷ್ಟೇ ಕ್ಯಾಲೊರಿ, ಅವನು ಸಾಲದು ಅಂತ ಇನ್ನೊಂದು ತುಂಡು ಹಾಕ್ತಾನೆ. ಜ್ಯೂಸಿನ ಜಾಗಕ್ಕೆ ಉಪ್ಪು, ಇಂಗು ಹಾಕಿದ ಮಜ್ಜಿಗೆ ಬಂತು. ಇಂಟರ್ನಲ್ಸ್ ವಾರದಲ್ಲಿ ಜ್ಯೂಸ್ ಈಗಲೂ ಒಳಗೆ ಹೋಗುತ್ತೆ, ಸುಳ್ಳು ಯಾಕೆ.

ಅರ್ಧ ಚಮಚಕ್ಕೆ ಬಂದು ನಿಂತಿದ್ದೀನಿ, ಅದಕ್ಕಿಂತ ಕೆಳಗೆ ಇಳಿಯೋ ಮನಸ್ಸಿಲ್ಲ. ಹೋದ ಹಬ್ಬಕ್ಕೆ ಊರಿಗೆ ಹೋದಾಗ ಅಮ್ಮನ ಕಾಫಿ ಪಾಯಸದ ಹಾಗಿತ್ತು. ಅರ್ಧಕ್ಕೇ ಇಟ್ಟೆ. "ಯಾಕೋ, ಹುಷಾರಿಲ್ವಾ?" ಅಂದ್ಲು ಅಮ್ಮ. ಸಪ್ಪೆ ಕಾಫಿ ಹಿಡಿದು ಮುಖ ಕಿವುಚುತ್ತಿದ್ದ ಅಪ್ಪ, "ಅವನಿಗೆ ಹೇಗೆ ಮಾಡೋದು ಅಂತ ಕೇಳು, ನಂಗೂ ಹಾಗೇ ಮಾಡ್ಕೊಡು" ಅಂದ್ರು.