ಎಲ್ಲದಕ್ಕೂ ‘ಇನ್ನಿಟ್’ ಅಂದರೆ ಭಾಷೆ ಕೆಡುತ್ತಾ?

ಹೋದ ತಿಂಗಳು ಈಸ್ಟ್ ಹ್ಯಾಮ್‌ನ ನಮ್ಮ ಅಡುಗೆಮನೆಯಲ್ಲಿ ಮಗನಿಗೂ ನಮಗೂ ಸಣ್ಣ ಜಟಾಪಟಿ ಆಯ್ತು. ಅವನಿಗೆ ಹದಿನಾರು. ಅಪ್ರೆಂಟಿಸ್ ಕೆಲಸಕ್ಕೆ ಇಂಟರ್‌ವ್ಯೂ ಇತ್ತು. ನಾವಿಬ್ಬರೂ ಎದುರಿಗೆ ಕೂತು ಪ್ರಶ್ನೆ ಕೇಳಿ ಅಭ್ಯಾಸ ಮಾಡಿಸ್ತಿದ್ದೆವು. ಪ್ರತಿ ಉತ್ತರದ ಕೊನೆಗೂ ಅವನದು ಒಂದು ‘ಇನ್ನಿಟ್’.

“ಇಲ್ಲೇ ಹುಟ್ಟಿ ಇಂಥ ಇಂಗ್ಲಿಷಾ? ಭಾಷೆ ಕೆಡಿಸ್ಬೇಡ ಕಣೋ.”

“ಅಪ್ಪಾ, ನೀವು ಎಲ್ಲದಕ್ಕೂ ‘ಅಲ್ವಾ’ ಅನ್ನಲ್ವಾ? ಅವನು ಬಂದ, ಅಲ್ವಾ. ನೀನು ತಿಂತೀಯ, ಅಲ್ವಾ.”

ನಾವು ಸುಮ್ಮನಾದೆವು. ಶಾಲೆಯ ಇಂಗ್ಲಿಷಿನಲ್ಲಿ ಅವನು ಬಂದರೆ ‘ಡಿಡಂಟ್ ಹೀ’, ನೀನು ತಿನ್ನುವುದಾದರೆ ‘ವೋಂಟ್ ಯೂ’. ಪ್ರತಿ ಮಾತಿಗೂ ಬಾಲ ಬೇರೆ. ಬಂದ ಹೊಸತರಲ್ಲಿ ನಾವೇ ಅದರಲ್ಲಿ ಎಡವಿ ಎಲ್ಲಕ್ಕೂ ‘ಈಸಂಟ್ ಇಟ್’ ಅಂಟಿಸ್ತಿದ್ದೆವು. ಅದೇ ಸವೆದು ‘ಇನ್ನಿಟ್’. ನಮ್ಮ ‘ಅಲ್ಲವಾ’ ಸವೆದು ‘ಅಲ್ವಾ’ ಆದ ಹಾಗೆ.

ಆಮೇಲೆ ಈ ವಿಷಯ ಹುಡುಕಿ ಓದಿದೆವು. ಜೆನ್ನಿ ಚೆಷೈರ್, ಪಾಲ್ ಕರ್ಸ್‌ವಿಲ್ ಮುಂತಾದ ಭಾಷಾವಿಜ್ಞಾನಿಗಳು 2004ರಿಂದ ಹ್ಯಾಕ್ನಿಯ ಹುಡುಗ ಹುಡುಗಿಯರ ಮಾತನ್ನು ರೆಕಾರ್ಡ್ ಮಾಡಿ ಅಭ್ಯಾಸ ಮಾಡಿದ್ದಾರೆ. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಭಾಷೆ; ಮಕ್ಕಳು ಇಂಗ್ಲಿಷನ್ನು ಹೆಚ್ಚಾಗಿ ಒಬ್ಬರಿಂದೊಬ್ಬರು ಕಲಿಯುತ್ತಾರೆ. ಹಾಗೆ ಹುಟ್ಟಿದ ಮಾತಿಗೂ ತನ್ನದೇ ಕಟ್ಟುಪಾಡು ಇದೆ ಅನ್ನುತ್ತಾರೆ ಅವರು. ಹೈಕೆ ಪಿಚ್ಲರ್ ಎಂಬ ಇನ್ನೊಬ್ಬರು ‘ಇನ್ನಿಟ್’ ವಾಕ್ಯದ ಕೊನೆಗೆ ಮಾತ್ರ ಬರುವುದಿಲ್ಲ ಎಂದು ತೋರಿಸಿದ್ದಾರೆ. ಲಂಡನ್ ಹುಡುಗರು ‘ಮೈ ಸಿಸ್ಟರ್ ಇನ್ನಿಟ್’ ಅಂತ ನಿಲ್ಲಿಸಿ ಮುಂದಿನ ಕಥೆ ಹೇಳ್ತಾರೆ. ನಾವು ‘ನಮ್ಮಕ್ಕ ಇದಾಳಲ್ಲ, ಅವಳು...’ ಅಂತ ಶುರು ಮಾಡೋದೂ ಹಾಗೇ ತಾನೆ? ಹಳಗನ್ನಡದ ಪಾಲು, ಪುಲಿ ಇವತ್ತು ಹಾಲು, ಹುಲಿ. ಅದನ್ನು ಯಾರೂ ಕೆಟ್ಟ ಕನ್ನಡ ಅನ್ನೋದಿಲ್ಲ.

ಆದರೆ ವಿಜ್ಞಾನಿಗಳು ಒಪ್ಪಿದರೆ ಕೆಲಸ ಕೊಡುವವರೂ ಒಪ್ಪಬೇಕಲ್ಲ. 2013ರಲ್ಲಿ ದಕ್ಷಿಣ ಲಂಡನ್ನಿನ ಅಪ್ಪರ್ ನಾರ್ವುಡ್‌ನ ಒಂದು ಶಾಲೆ ಬಳಸಬಾರದ ಮಾತುಗಳ ಪಟ್ಟಿಯನ್ನೇ ಹಾಕಿತ್ತು. ‘ಇನ್ನಿಟ್’ ಅದರಲ್ಲಿತ್ತು. ನಮ್ಮ ಭಯ ಇದ್ದದ್ದು ಭಾಷೆಯ ಬಗ್ಗೆ ಅಲ್ಲ, ಕೇಳುವ ಕಿವಿಯ ಬಗ್ಗೆ. ಅದನ್ನೇ ಅವನಿಗೆ ಹೇಳಿದೆವು.

“ಅಜ್ಜಿ ಹತ್ರ ಮಾತಾಡೋ ಹಾಗೆ ಫ್ರೆಂಡ್ಸ್ ಹತ್ರ ಮಾತಾಡ್ತೀನಾ? ಅಲ್ಲಿ ಹೋದಾಗ ಬದಲಾಯಿಸ್ತೀನಿ.”

“ಈಗ ಬದಲಾಯಿಸಿ ತೋರಿಸು.”

ಫೋನಿನಲ್ಲಿ ರೆಕಾರ್ಡ್ ಮಾಡಿದೆವು. ಹತ್ತು ನಿಮಿಷದಲ್ಲಿ ಹನ್ನೊಂದು ಸಲ ‘ಇನ್ನಿಟ್’ ಬಂದಿತ್ತು. ತಾನೇ ಕೇಳಿ ಅವನಿಗೇ ಆಶ್ಚರ್ಯ. ಎರಡನೇ ಸಲ ಮೂರಕ್ಕಿಳಿಯಿತು. ಆ ಮೂರೂ ಬಂದದ್ದು ತಾನು ರಿಪೇರಿ ಮಾಡಿದ ಸೈಕಲ್ ಬಗ್ಗೆ ಖುಷಿಯಾಗಿ ಹೇಳುವಾಗ. ಅಷ್ಟು ಇರಲಿ ಬಿಡು ಅಂದೆವು.

ಇಂಟರ್‌ವ್ಯೂ ಮುಗಿಸಿ ಬಂದವನನ್ನು ಬಾಗಿಲಲ್ಲೇ ಕೇಳಿದೆವು, ಎಷ್ಟು ಸಲ ಅಂದೆ ಅಂತ.

“ಒಂದೇ ಸಲ. ಅದೂ ಅವರೇ ಮೊದಲು ಅಂದ್ರು.”

ಉತ್ತರದ ಪತ್ರ ಇನ್ನೂ ಬಂದಿಲ್ಲ.